ಶಿರಸಿಯ ಮಂಡಿಯೋ, ಬೆಂಗಳೂರಿನ ಕಚೇರಿಯೋ: ಎರಡು ಸಂಬಳಗಳ ಒಂದು ಲೆಕ್ಕ

ಕಳೆದ ಬೇಸಿಗೆಯಲ್ಲಿ ನನ್ನ ಅಕ್ಕನ ಮಗ ಮೊಬೈಲ್ ಹಿಡಿದುಕೊಂಡು ನಮ್ಮ ಜಗುಲಿಗೆ ಬಂದ. ಬೆಂಗಳೂರಿನ ಕಂಪನಿಯೊಂದು ಕಳಿಸಿದ ನೇಮಕಾತಿ ಪತ್ರ ಅದರಲ್ಲಿತ್ತು. ವರ್ಷಕ್ಕೆ 5,40,000 ರೂಪಾಯಿ. ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಅವನು ಶಿರಸಿಯ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಅಲ್ಲಿ ತಿಂಗಳಿಗೆ 19,000, ದೀಪಾವಳಿಗೆ ಒಂದು ತಿಂಗಳ ಸಂಬಳ ಬೋನಸ್. ಮನೆಯಿಂದ ಪೇಟೆಗೆ 14 ಕಿಲೋಮೀಟರ್, ದಿನಾ ಬೈಕಿನಲ್ಲಿ ಓಡಾಟ.

"ಮಾವ, ಇಲ್ಲಿ ಹತ್ತೊಂಬತ್ತು, ಅಲ್ಲಿ ನಲವತ್ತೈದು. ಇದರಲ್ಲಿ ಯೋಚನೆ ಮಾಡುವುದಕ್ಕೆ ಏನಿದೆ?" ಎಂದು ಕೇಳಿದ.

ಏಳು ವರ್ಷ ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸವನ್ನೇ ಮಾಡಿ ಊರಿಗೆ ಮರಳಿದವನು ನಾನು. ಈಗ ಸುತ್ತಲಿನವರ ತೆರಿಗೆ, ಜಿ.ಎಸ್.ಟಿ. ಲೆಕ್ಕ ನೋಡಿಕೊಂಡಿದ್ದೇನೆ. ಇಂಥ ಪತ್ರ ಹಿಡಿದುಕೊಂಡು ವರ್ಷಕ್ಕೆ ನಾಲ್ಕಾರು ಹುಡುಗರು, ಹುಡುಗಿಯರು ಬರುತ್ತಾರೆ. ಹೋಗು, ಇರು ಎಂದು ನಾನು ಯಾರಿಗೂ ಹೇಳುವುದಿಲ್ಲ. ಎರಡೂ ಕಡೆ ವರ್ಷದ ಕೊನೆಗೆ ಎಷ್ಟು ಉಳಿಯುತ್ತದೆ ಎಂದು ಅವರ ಎದುರಿಗೇ ಬರೆದು ತೋರಿಸುತ್ತೇನೆ. ಅಳಿಯನಿಗೆ ಬರೆದುಕೊಟ್ಟ ಹಾಳೆಯನ್ನೇ ಇಲ್ಲಿ ಬಿಡಿಸಿಡುತ್ತಿದ್ದೇನೆ. ಬಾಡಿಗೆ, ಊಟದ ಅಂಕಿಗಳು ಅವನು ಗೆಳೆಯರಿಂದ ಕೇಳಿ ತಂದವು. ನಿಮ್ಮದು ಬೇರೆಯಿದ್ದರೆ ನಿಮ್ಮ ಅಂಕಿ ಹಾಕಿಕೊಳ್ಳಿ, ಲೆಕ್ಕದ ದಾರಿ ಅದೇ.

ನಲವತ್ತೈದು ಸಾವಿರ ಕರಗುವುದು ಹೇಗೆ

5,40,000ವನ್ನು ಹನ್ನೆರಡರಿಂದ ಭಾಗಿಸಿದರೆ 45,000 ಬರುವುದು ನಿಜ. ಆದರೆ ಅದು ಕಂಪನಿಯು ಒಬ್ಬ ನೌಕರನ ಮೇಲೆ ಮಾಡುವ ಒಟ್ಟು ಖರ್ಚು, ಅಂದರೆ ಸಿ.ಟಿ.ಸಿ. ಅದು ಬ್ಯಾಂಕ್ ಖಾತೆಗೆ ಬೀಳುವ ಹಣವಲ್ಲ. ಪತ್ರದ ಕೊನೆಯ ಪುಟದಲ್ಲಿ ಒಂದು ಕೋಷ್ಟಕ ಇರುತ್ತದೆ. ಹುಡುಗರು ಅಲ್ಲಿಯವರೆಗೆ ಹೋಗುವುದೇ ಇಲ್ಲ.

ಅಳಿಯನ ಪತ್ರದಲ್ಲಿ ಮೂಲವೇತನ 22,500. ಅದರ ಶೇ. 12ರಷ್ಟು, ಅಂದರೆ 2,700 ರೂಪಾಯಿ, ಕಂಪನಿ ಕಟ್ಟುವ ಭವಿಷ್ಯ ನಿಧಿಯ ಪಾಲು. ಅದೂ 45,000ದ ಒಳಗೇ ಸೇರಿದೆ. ಗ್ರಾಚ್ಯುಟಿ ಎಂದು ಮೂಲವೇತನದ ಶೇ. 4.81, ಅಂದರೆ 1,082 ರೂಪಾಯಿ ತೋರಿಸಿದ್ದಾರೆ. ಕಾಯಂ ನೌಕರನಿಗೆ ಆ ಹಣ ಕೈಗೆ ಬರುವುದು ಐದು ವರ್ಷ ಒಂದೇ ಕಡೆ ದುಡಿದ ಮೇಲೆ. ಅಷ್ಟು ವರ್ಷ ಒಂದೇ ಕಡೆ ನಿಲ್ಲುವ ಹುಡುಗರನ್ನು ನಾನು ಕಂಡದ್ದು ಕಡಿಮೆ, ಹಾಗಾಗಿ ಈ ಸಾಲನ್ನು ಹೊಡೆದುಹಾಕಿಬಿಡುತ್ತೇನೆ. ಆರೋಗ್ಯ ವಿಮೆಯ ಕಂತು 518. ಇನ್ನು ದೊಡ್ಡ ಸಾಲು ಒಂದಿದೆ: ಸಾಧನೆ ನೋಡಿ ವರ್ಷದ ಕೊನೆಗೆ ಕೊಡುವ ಬದಲಾಗುವ ವೇತನ, ಒಟ್ಟಿನ ಶೇ. 10, ತಿಂಗಳಿಗೆ 4,500ರ ಲೆಕ್ಕ. ಅದು ಪೂರ್ತಿ ಬಂದರೂ ಬಂದೀತು, ಅರ್ಧ ಬಂದರೂ ಬಂದೀತು. ಬರುವವರೆಗೆ ಅದನ್ನು ನಂಬಿ ಖರ್ಚು ಮಾಡುವಂತಿಲ್ಲ.

ಇಷ್ಟನ್ನು ಕಳೆದರೆ 36,200 ಉಳಿಯುತ್ತದೆ. ಅದರಿಂದ ಅವನ ಪಾಲಿನ ಭವಿಷ್ಯ ನಿಧಿ 2,700, ವೃತ್ತಿ ತೆರಿಗೆ 200 ಹೋಗುತ್ತದೆ. ಆದಾಯ ತೆರಿಗೆಯ ಚಿಂತೆ ಇಲ್ಲ: ಹೊಸ ಪದ್ಧತಿಯಲ್ಲಿ 2025-26ರಿಂದ ಸಂಬಳದಾರರಿಗೆ 12,75,000ದವರೆಗೆ ತೆರಿಗೆ ಬೀಳುವುದಿಲ್ಲ. ಕೈಗೆ ಬರುವುದು 33,300.

ಅಳಿಯನ ಮುಖ ಸ್ವಲ್ಪ ಸಪ್ಪಗಾಯಿತು. ಆದರೆ ಭವಿಷ್ಯ ನಿಧಿ ಕಳೆದುಹೋದ ಹಣವಲ್ಲ ಎಂಬುದನ್ನೂ ಹೇಳಬೇಕು. ಇಬ್ಬರ ಪಾಲು ಸೇರಿ ತಿಂಗಳಿಗೆ 5,400 ಅವನ ಹೆಸರಿನಲ್ಲಿ ಜಮೆಯಾಗುತ್ತದೆ. ಮಂಡಿಯಲ್ಲಿ ಕೆಲಸಗಾರರು ಹತ್ತು ಮಂದಿಯೂ ಇಲ್ಲ, ಅಲ್ಲಿ ಪಿ.ಎಫ್. ಎಂಬುದೇ ಇಲ್ಲ. ಊರಿನ ಸಂಬಳಕ್ಕೆ ಇದು ನಿಜವಾದ ಕೊರತೆ, ಮುಂದೆ ಲೆಕ್ಕಕ್ಕೆ ಸೇರಿಸಿಕೊಂಡಿದ್ದೇನೆ.

ತಿಂಗಳ ಲೆಕ್ಕ

ಬೆಂಗಳೂರಿನಲ್ಲಿ ಮನೆ ಎಲ್ಲಿ ಹಿಡಿಯಬೇಕು ಎಂಬುದಕ್ಕೆ ನಮ್ಮ ಕಡೆಯವರಿಗೆ ಒಂದು ಸುಲಭದ ದಾರಿಯಿದೆ. ಶಿರಸಿಯ ಬಸ್ಸುಗಳು ತುಮಕೂರು ರಸ್ತೆಯಲ್ಲೇ ಹೊರಬೀಳುತ್ತವೆ. ದಾಸರಹಳ್ಳಿ, ನಾಗಸಂದ್ರದ ಕಡೆ ಮನೆಯಿದ್ದರೆ ಶುಕ್ರವಾರ ರಾತ್ರಿ ಊಟ ಮುಗಿಸಿಕೊಂಡು ನಿಧಾನವಾಗಿ ಬಸ್ಸು ಹತ್ತಬಹುದು, ಕಚೇರಿಗೆ ಹೋಗಲು ಹಸಿರು ಮಾರ್ಗದ ಮೆಟ್ರೋ ಇದೆ. ಅಳಿಯನ ಕಚೇರಿ ರಾಜಾಜಿನಗರದಲ್ಲಿ, ಹಾಗಾಗಿ ಇದು ಹೊಂದುತ್ತದೆ. ಅದೇ ಕಚೇರಿ ಬೆಳ್ಳಂದೂರಿನಲ್ಲೋ ವೈಟ್‌ಫೀಲ್ಡಿನಲ್ಲೋ ಇದ್ದರೆ ಈ ಉಪಾಯ ಕೆಲಸಕ್ಕೆ ಬಾರದು. ಆಗ ಕಚೇರಿಯ ಹತ್ತಿರವೇ ಹೆಚ್ಚು ಬಾಡಿಗೆ ಕೊಟ್ಟು ಇರಬೇಕು, ಇಲ್ಲವೇ ದಿನಕ್ಕೆ ಮೂರು ತಾಸು ದಾರಿಯಲ್ಲೇ ಕಳೆಯಬೇಕು.

ಊರಿನ ಇನ್ನಿಬ್ಬರ ಜೊತೆ ಎರಡು ಕೋಣೆಯ ಮನೆ, ಬಾಡಿಗೆ 24,000, ಅವನ ಪಾಲು 8,000. ಇದನ್ನು ಇಟ್ಟುಕೊಂಡು ಬರೆದದ್ದು ಹೀಗೆ:

| ತಿಂಗಳಿಗೆ (ರೂ.) | ಶಿರಸಿ | ಬೆಂಗಳೂರು |
|---|---|---|
| ಕೈಗೆ ಬರುವ ಸಂಬಳ | 19,000 | 33,300 |
| ಬಾಡಿಗೆಯ ಪಾಲು | 0 | 8,000 |
| ಊಟ, ದಿನಸಿ | 0 | 6,500 |
| ವಿದ್ಯುತ್, ನೀರು, ಗ್ಯಾಸ್, ಇಂಟರ್ನೆಟ್ | 0 | 1,500 |
| ದಿನದ ಓಡಾಟ | 2,000 | 2,000 |
| ಮೊಬೈಲ್ | 300 | 300 |
| ಕೈಖರ್ಚು | 2,500 | 4,000 |
| ಮನೆಗೆ ಕೊಡುವುದು | 5,000 | 5,000 |
| ಊರಿಗೆ ಹೋಗಿಬರುವುದು | 0 | 1,500 |
| ಉಳಿಯುವುದು | 9,200 | 4,500 |

ಎರಡು ಸಾಲುಗಳ ಬಗ್ಗೆ ಮಾತಾಡಬೇಕು. ಮೊದಲನೆಯದು ಮನೆಗೆ ಕೊಡುವ 5,000. ಬೆಂಗಳೂರಿನ ಲೆಕ್ಕ ಹಾಕುವಾಗ ಹುಡುಗರು ಇದನ್ನು ಮೆಲ್ಲಗೆ ಬಿಟ್ಟುಬಿಡುತ್ತಾರೆ, ಆಮೇಲೆ ಮೂರನೆಯ ತಿಂಗಳಿಗೆ ಮನೆಯಿಂದ ಫೋನು ಬರುತ್ತದೆ. ಎರಡೂ ಕಡೆ ಒಂದೇ ಮೊತ್ತ ಇಡಿ. ನ್ಯಾಯವಾಗಿ ನೋಡಿದರೆ ಹುಡುಗ ದೂರ ಹೋದಾಗ ಮನೆಯ ದಿನಸಿ ಖರ್ಚೂ ಸ್ವಲ್ಪ ಇಳಿಯುತ್ತದೆ. ಅಕ್ಕನ ಅಂದಾಜಿನಲ್ಲಿ ತಿಂಗಳಿಗೆ ಎರಡು ಸಾವಿರದಷ್ಟು. ಆದರೆ ಅದು ಅವಳ ಕೈಯಲ್ಲಿ ಉಳಿಯುವ ಹಣ, ಇವನ ಖಾತೆಯದಲ್ಲ.

ಎರಡನೆಯದು ಊರಿಗೆ ಹೋಗಿಬರುವ 1,500. ತಿಂಗಳಿಗೆ ಒಂದೇ ಸಲ, ಸುಮಾರು 400 ಕಿಲೋಮೀಟರ್ ದಾರಿಗೆ ಇಷ್ಟು ಬೇಕೇ ಬೇಕು. ಹಬ್ಬದ ದಿನಗಳಲ್ಲಿ ಖಾಸಗಿ ಬಸ್ಸಿನವರು ಕೇಳುವ ದರ ಬೇರೆಯೇ. ಹೋಗುವವಳು ಹುಡುಗಿಯಾದರೆ ಈ ಸಾಲನ್ನು ಸೊನ್ನೆಯ ಹತ್ತಿರ ತರಬಹುದು: 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಸ್ಲೀಪರ್, ಹವಾನಿಯಂತ್ರಿತ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ರಾತ್ರಿಯಿಡೀ ಕೂತು ಪ್ರಯಾಣ ಮಾಡುವ ಸೊಂಟ ಇರಬೇಕು, ಅಷ್ಟೇ.

ಈಗ ವರ್ಷಕ್ಕೆ ಬನ್ನಿ. ಶಿರಸಿಯಲ್ಲಿ ಹನ್ನೆರಡು ತಿಂಗಳಿಗೆ 1,10,400, ಬೋನಸ್ ಸೇರಿ 1,29,400. ಬೆಂಗಳೂರಿನಲ್ಲಿ 54,000 ನಗದು, ಜೊತೆಗೆ ಭವಿಷ್ಯ ನಿಧಿಯಲ್ಲಿ 64,800. ಒಟ್ಟು 1,18,800. ಸಂಬಳದಲ್ಲಿ ಹದಿನಾಲ್ಕು ಸಾವಿರದ ಅಂತರವಿದ್ದರೂ ಉಳಿತಾಯದಲ್ಲಿ ಊರೇ ಹನ್ನೊಂದು ಸಾವಿರ ಮುಂದೆ.

ಇಲ್ಲೊಂದು ಎಚ್ಚರಿಕೆ. ಶಿರಸಿಯ ಕಂಬದಲ್ಲಿರುವ ಮೊದಲ ಮೂರು ಸೊನ್ನೆಗಳೇ ಈ ಫಲಿತಾಂಶದ ಗುಟ್ಟು. ಬಾಡಿಗೆ, ಊಟ, ವಿದ್ಯುತ್ ಮೂರನ್ನೂ ತೋಟದ ಮನೆ ಹೊತ್ತುಕೊಂಡಿದೆ. ಸಿದ್ದಾಪುರದಿಂದಲೋ ಯಲ್ಲಾಪುರದಿಂದಲೋ ಬಂದು ಶಿರಸಿ ಪೇಟೆಯಲ್ಲಿ 5,000 ಬಾಡಿಗೆ, 4,500 ಊಟದ ಖರ್ಚು ಮಾಡಿಕೊಂಡು ಇರುವವನಿಗೆ 9,200 ಪೂರ್ತಿ ಅಲ್ಲಿಯೇ ಮುಗಿಯುತ್ತದೆ. ಅಂಥವನು ಊರಿನ ಪ್ರೀತಿಗೆ ಇಲ್ಲಿ ಉಳಿಯಬಹುದೇ ಹೊರತು ಉಳಿತಾಯಕ್ಕಲ್ಲ. ಸಣ್ಣ ಊರಿನಲ್ಲಿ ಖರ್ಚು ಕಡಿಮೆ ಎಂಬ ಮಾತು ಸ್ವಂತ ಮನೆಯಿಂದ ಓಡಾಡುವವರ ಮಾತು.

ಕಾರವಾರದವರ ಲೆಕ್ಕ ಇನ್ನೂ ಬೇರೆ. ನೌಕಾನೆಲೆ ಮತ್ತು ಕೈಗಾದ ನೌಕರರ ಬೇಡಿಕೆಯಿಂದ ಅಲ್ಲಿ ಬಾಡಿಗೆ ಶಿರಸಿಗಿಂತ ಮೇಲೆ. ಬೆಂಗಳೂರಿಗೆ ಪಂಚಗಂಗಾ ರೈಲು ಸಂಜೆ ಹತ್ತಿದರೆ ಬೆಳಗ್ಗೆ ಇಳಿಸುತ್ತದೆ, ಆದರೆ ಅವರಿಗೆ ಬೆಂಗಳೂರಿಗಿಂತ ಗೋವೆಯೇ ಹತ್ತಿರ. ಮಡಗಾಂವಿನಲ್ಲಿ ಕೆಲಸ ಸಿಕ್ಕವನು ಭಾನುವಾರ ಮನೆಯ ಮೀನೂಟಕ್ಕೆ ಬಂದು ಹೋಗಬಹುದು.

ಮುಂಗಡ ಎಂಬ ಬೀಗ

ಮೇಲಿನ ಲೆಕ್ಕ ಎಲ್ಲ ತಿಂಗಳೂ ಒಂದೇ ತೆರ ಎಂದು ಹಿಡಿದದ್ದು. ಮೊದಲ ವರ್ಷ ಹಾಗಿರುವುದಿಲ್ಲ. ಮನೆಯ ಮುಂಗಡ ಆರು ತಿಂಗಳ ಬಾಡಿಗೆ, 1,44,000. ಅಳಿಯನ ಪಾಲು 48,000. ಹತ್ತು ತಿಂಗಳು ಕೇಳುವ ಮಾಲೀಕರೂ ಇದ್ದಾರೆ. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ, ಪಾಲು 8,000. ಮಂಚ, ಹಾಸಿಗೆ, ಒಲೆ, ಪಾತ್ರೆ, ಕಚೇರಿಗೆ ಹಾಕಿಕೊಂಡು ಹೋಗುವ ನಾಲ್ಕು ಜೊತೆ ಬಟ್ಟೆ ಸೇರಿ 25,000. ಒಟ್ಟು 81,000 ಮೊದಲ ಸಂಬಳ ಬರುವ ಮೊದಲೇ ಬೇಕು. ವರ್ಷವಿಡೀ ಉಳಿಯುವ ನಗದೇ 54,000. ಅಂದರೆ ಮೊದಲ ವರ್ಷದ ಕೊನೆಯಲ್ಲಿ ಅವನು ಊರಿನಿಂದ ತಂದ ಹಣದಲ್ಲೂ 27,000 ಕರಗಿಸಿರುತ್ತಾನೆ.

ಮುಂಗಡ ಮರಳಿ ಬರುವ ಹಣ, ಭವಿಷ್ಯ ನಿಧಿಯೂ ಅವನದೇ. ಅವೆರಡನ್ನೂ ಆಸ್ತಿಯೆಂದು ಎಣಿಸಿದರೆ ಮೊದಲ ವರ್ಷದ ಗಳಿಕೆ 85,800 ಆಗುತ್ತದೆ. ಊರಿನ 1,29,400ಕ್ಕೆ ಹೋಲಿಸಿದರೆ 43,600 ಹಿಂದೆ. ಆದರೆ ಮನೆಯಲ್ಲಿ ತುರ್ತು ಬಂದಾಗ ಆ ಎರಡೂ ಸುಲಭವಾಗಿ ಕೈಗೆ ಸಿಗುವುದಿಲ್ಲ. ಹುಡುಗರು ಕ್ರೆಡಿಟ್ ಕಾರ್ಡಿನ ಸಾಲಕ್ಕೆ ಬೀಳುವುದು ಹೆಚ್ಚಾಗಿ ಈ ಮೊದಲ ವರ್ಷದಲ್ಲೇ. ಸಂಬಳ ಸಾಲದು ಎಂದಲ್ಲ, ಹಣ ಬೀಗದೊಳಗಿದೆ ಎಂದು.

ಹಾಗಾಗಿ ಹೋಗುವವರಿಗೆ ನನ್ನದು ಒಂದು ಗೆರೆಯಿದೆ. 81,000ದ ಮೇಲೆ ಎರಡು ತಿಂಗಳ ಖರ್ಚು, ಸುಮಾರು 58,000, ಕೈಯಲ್ಲಿರಬೇಕು. ಅಷ್ಟಿಲ್ಲದಿದ್ದರೆ ಮೊದಲ ಆರು ತಿಂಗಳು ಪಿ.ಜಿ.ಯಲ್ಲಿರಿ. ಇಬ್ಬರ ಕೋಣೆಯಲ್ಲಿ ಊಟ ಸೇರಿ ಕೊಡುವ ಹಣ ಮನೆಯ ಪಾಲಿಗಿಂತ ಹೆಚ್ಚೇನೂ ಆಗುವುದಿಲ್ಲ, ಮುಂಗಡ ಒಂದೆರಡು ತಿಂಗಳದ್ದು ಸಾಕು. ಸಾರು ನೀರಾಗಿರುತ್ತದೆ, ಅನ್ನ ಸೋನಾಮಸೂರಿ. ನಮ್ಮ ಕುಚ್ಚಲಕ್ಕಿಯ ನಾಲಿಗೆಗೆ ಅದೊಂದು ಶಿಕ್ಷೆ. ಆದರೆ ಪ್ರೊಬೇಷನ್ ಅವಧಿಯಲ್ಲೇ ಕೆಲಸ ಹೋದರೆ ಗಂಟುಮೂಟೆ ಕಟ್ಟಿಕೊಂಡು ಬರಲು ಸುಲಭ.

ಕರಾರುಪತ್ರವನ್ನು ಎಲ್ಲರೂ ಹನ್ನೊಂದು ತಿಂಗಳಿಗೆ ಬರೆಯುತ್ತಾರೆ, ಏಕೆಂದರೆ ವರ್ಷ ಮೀರಿದ ಗೇಣಿಗೆ ನೋಂದಣಿ ಕಡ್ಡಾಯ. ಅದರಲ್ಲಿ ಓದಬೇಕಾದದ್ದು ಬಣ್ಣದ ಸಾಲು. ಮನೆ ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಬೆಂಗಳೂರಿನ ರೂಢಿ. ಎಷ್ಟು ಎಂದು ಬರೆಸಿಕೊಳ್ಳಿ. ನಾನು ಬರೆಸಿಕೊಂಡಿರಲಿಲ್ಲ. ಮೊದಲ ಮನೆ ಬಿಟ್ಟಾಗ ಮಾಲೀಕರು ಬಣ್ಣಕ್ಕೆ ಎರಡು ತಿಂಗಳು, ಅಡುಗೆಮನೆಯ ನಲ್ಲಿಗೆ ಇಷ್ಟು, ಗೋಡೆಯ ಮೊಳೆಗೆ ಇಷ್ಟು ಎಂದು ಹಿಡಿದು ಅರ್ಧ ಮುಂಗಡವನ್ನಷ್ಟೇ ಕೊಟ್ಟರು. ಗೋಡೆಯಲ್ಲಿದ್ದ ಮೊಳೆಗಳು ನಾನು ಹೋಗುವ ಮೊದಲೇ ಇದ್ದವು. ಫೋಟೋ ಇರಲಿಲ್ಲ. ಈಗಿನವರ ಕೈಯಲ್ಲಿ ಮೊಬೈಲ್ ಇದೆ. ಮನೆಗೆ ಕಾಲಿಟ್ಟ ದಿನವೇ ಪ್ರತಿ ಗೋಡೆಯ ಫೋಟೋ ತೆಗೆದು ಮಾಲೀಕರಿಗೇ ಕಳಿಸಿ, ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಡಿ.

ಹೊಳವು ಶನಿವಾರ ನೋಡಿ ಆಗುವುದಿಲ್ಲ

ಕುಟುಂಬದ ವಿಷಯ ಬಂದಾಗ ಎಲ್ಲರೂ ಅಪ್ಪ ಅಮ್ಮನ ನೆನಪು, ಒಂಟಿತನ ಎಂದು ಮಾತು ಶುರು ಮಾಡುತ್ತಾರೆ. ಅದೆಲ್ಲ ಇದ್ದದ್ದೇ. ನಾನು ಕೇಳುವುದು: ವರ್ಷದಲ್ಲಿ ಯಾವ ಯಾವ ದಿನ ನೀನು ಮನೆಯಲ್ಲಿ ಇರಲೇಬೇಕು, ಅವುಗಳಲ್ಲಿ ಎಷ್ಟು ಮೊದಲೇ ಗೊತ್ತಾಗುವ ದಿನಗಳು?

ಅಳಿಯನ ಮನೆಯಲ್ಲಿ ಒಂದು ಎಕರೆ ಅಡಿಕೆ ತೋಟ. ಭಾವನಿಗೆ 63 ವರ್ಷ, ಮೊಣಕಾಲು ನೋವು. ಅಡಿಕೆ ಕೊಯ್ಲು ಮೂರು ಸಲ, ಒಂದೊಂದಕ್ಕೆ ಎರಡು ದಿನ. ಅದಕ್ಕೆ ತಾರೀಕು ಮೊದಲೇ ಗೊತ್ತಾಗುತ್ತದೆ, ರಜೆ ಹಾಕಿ ಬರಬಹುದು. ಶ್ರಾದ್ಧ, ಚೌತಿ, ದೀಪಾವಳಿ ಪಂಚಾಂಗದಲ್ಲೇ ಇವೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಾಂಕವೂ ಮೊದಲೇ ತಿಳಿಯುತ್ತದೆ. ತೊಡಕಿರುವುದು ಕೊಳೆ ಔಷಧಿಯಲ್ಲಿ.

ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆಗಾಲ ಹಿಡಿಯುವ ಹೊತ್ತಿಗೆ ಒಮ್ಮೆ, ಆಮೇಲೆ ಸುಮಾರು ನಲವತ್ತು ದಿನಕ್ಕೆ ಮತ್ತೊಮ್ಮೆ ಹೊಡೆಯಬೇಕು. ಮಳೆ ಜೋರಿದ್ದ ವರ್ಷ ಮೂರನೆಯದೂ ಬೇಕಾಗುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೇರೆ ಬೇರೆ ಕದಡಿ ಬೆರೆಸಿ, ಚೂರಿ ಅದ್ದಿ ನೋಡಬೇಕು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಮರ ಹತ್ತುವುದು ಕೊನೆಗೌಡನ ಕೆಲಸ, ಆದರೆ ಕೆಳಗೆ ನಿಂತು ದ್ರಾವಣ ಮಾಡುವವರು, ಪಂಪು ನೋಡಿಕೊಳ್ಳುವವರು, ಪೈಪು ಎಳೆಯುವವರು ಬೇಕು. ಇಷ್ಟು ವರ್ಷ ಅದನ್ನು ಅಪ್ಪ ಮಗ ಇಬ್ಬರೂ ಮಾಡಿದ್ದಾರೆ.

ಔಷಧಿ ಹೊಡೆಯಲು ಮಳೆ ಹೊಳವಾಗಬೇಕು, ಅಂದರೆ ಬಿಡುವು ಕೊಡಬೇಕು. ಎರಡನೆಯ ಸುತ್ತಿನ ಹೊತ್ತಿಗೆ ಆಷಾಢದ ಮಳೆ. ಹೊಳವಾದರೂ ಒಂದು ದಿನ, ಎರಡು ದಿನ. ಅದೇ ದಿನ ಸುತ್ತಲಿನ ಎಲ್ಲ ತೋಟದವರಿಗೂ ಅದೇ ಕೊನೆಗೌಡ ಬೇಕು. ಅವನು ರಾತ್ರಿ ಎಂಟಕ್ಕೆ ಫೋನು ಮಾಡಿ "ನಾಳೆ ಬರುತ್ತೇನೆ" ಎನ್ನುತ್ತಾನೆ. ಮಂಡಿಯ ಸಾಹುಕಾರರಿಗೆ ಇದು ಅರ್ಥವಾಗುತ್ತದೆ, ಅವರದೂ ಒಂದು ತೋಟವಿದೆ. ರಾಜಾಜಿನಗರದ ಮ್ಯಾನೇಜರರಿಗೆ ಅರ್ಥವಾಗಬೇಕೆಂದು ನಾವು ಬಯಸುವಂತಿಲ್ಲ.

ಇದಕ್ಕೆ ಬೆಲೆ ಕಟ್ಟಬಹುದೇ? ಕಟ್ಟಬಹುದು. ಅಡಿಕೆಯ ಧಾರಣೆ ಕ್ವಿಂಟಲಿಗೆ ನಲವತ್ತು ಸಾವಿರ ಎಂದು ಹಿಡಿಯೋಣ. ಎರಡನೆಯ ಔಷಧಿ ಹತ್ತು ದಿನ ತಡವಾಗಿ ಒಂದೂವರೆ ಕ್ವಿಂಟಲ್ ಒಣ ಅಡಿಕೆಯಾಗಬೇಕಿದ್ದ ಎಳೆಕಾಯಿ ಮರದ ಬುಡಕ್ಕೆ ಉದುರಿತೆಂದರೆ 60,000 ಹೋಯಿತು. ಬೆಂಗಳೂರಿನ ಇಡೀ ವರ್ಷದ ನಗದು ಉಳಿತಾಯ 54,000. ಕೊಳೆ ಜೋರಾದ ವರ್ಷ ಅರ್ಧ ಫಸಲು ಹೋದ ತೋಟಗಳನ್ನು ನಾವೆಲ್ಲ ನೋಡಿದ್ದೇವೆ.

ಹಾಗಾದರೆ ಹೋಗುವುದೇ ಬೇಡವೇ? ಆ ದಿನಗಳಿಗೆ ಬದಲಿ ಆಳು ಸಿಗುತ್ತದೆಯೇ ಎಂದು ಮೊದಲು ನೋಡಬೇಕು. ಕೊನೆಗೌಡನೇ ತನ್ನ ಜೊತೆ ಇಬ್ಬರನ್ನು ಕರೆತಂದು ಔಷಧಿಯ ಪೂರ್ತಿ ಕೆಲಸ ಮುಗಿಸಿಕೊಡುವ ಗುತ್ತಿಗೆ ಒಪ್ಪಿದರೆ ಪ್ರತಿ ಸುತ್ತಿಗೂ ನಾಲ್ಕೈದು ಸಾವಿರ ಹೆಚ್ಚಾದೀತು. ಅದನ್ನು ಬೆಂಗಳೂರಿನ ಖರ್ಚಿಗೆ ಸೇರಿಸಿ. ಬದಲಿ ಸಿಗದಿದ್ದರೆ, ಅಪ್ಪನ ಮೊಣಕಾಲೂ ಕೈಕೊಟ್ಟರೆ, ಆಗ ಬೆಂಗಳೂರಿನ ಸಂಬಳ ಎಷ್ಟಿದ್ದರೆ ಸಾಕು ಎಂಬ ಪ್ರಶ್ನೆಯೇ ಬೇರೆ.

ಆಸ್ಪತ್ರೆಯ ಮಾತೂ ಇಲ್ಲಿಯೇ ಬರುತ್ತದೆ. ದೊಡ್ಡ ಕಾಯಿಲೆಗೆ ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್ ಓಡಬೇಕು, ಇಲ್ಲವೇ ಮಣಿಪಾಲ, ಮಂಗಳೂರಿಗೆ. ಮಗ ಊರಲ್ಲಿದ್ದರೆ ರಾತ್ರಿ ಕಾರು ಮಾಡಿಕೊಂಡು ಹೊರಡುವುದಕ್ಕೆ ಒಬ್ಬನಿದ್ದಾನೆ. ಬೆಂಗಳೂರಿನಲ್ಲಿದ್ದರೆ ಕಂಪನಿಯ ವಿಮೆಯಿದೆ. ಯಾವುದು ದೊಡ್ಡದು ಎಂಬುದು ಆ ವಿಮೆಯಲ್ಲಿ ತಂದೆ ತಾಯಿಯ ಹೆಸರಿದೆಯೇ ಎಂಬುದರ ಮೇಲಿದೆ. ಅಳಿಯನ ಪತ್ರದಲ್ಲಿ ನೌಕರನಿಗೆ ಮಾತ್ರ ಎಂದಿತ್ತು. ಹೆಚ್ಚಿನ ಕಂತು ಕಟ್ಟಿ ಅವರನ್ನು ಸೇರಿಸಬಹುದೇ ಎಂದು ಕೇಳಿಸಿದೆ, ಮೊದಲ ತಿಂಗಳೊಳಗೆ ಸೇರಿಸಬಹುದು ಎಂದು ಉತ್ತರ ಬಂತು. ಕೇಳದಿದ್ದರೆ ಯಾರೂ ಹೇಳುತ್ತಿರಲಿಲ್ಲ. ಭಾವ ಸಹಕಾರ ಸಂಘದ ಸದಸ್ಯರು, ಯಶಸ್ವಿನಿ ಆರೋಗ್ಯ ಯೋಜನೆಗೆ ಹೆಸರು ನೋಂದಾಯಿಸುವ ಅವಧಿ ಯಾವಾಗ ಎಂದು ಸಂಘದಲ್ಲಿ ವಿಚಾರಿಸಲು ಅವರಿಗೂ ಹೇಳಿದೆ.

ಮೂರನೆಯ ವರ್ಷ

ಇಷ್ಟು ಹೊತ್ತು ಊರಿನ ಪರವಾಗಿ ಮಾತಾಡಿದಂತಾಯಿತು. ಈಗ ಇನ್ನೊಂದು ಮಗ್ಗುಲು.

ಮಂಡಿಯಲ್ಲಿ ಸಂಬಳ ವರ್ಷಕ್ಕೆ ಸಾವಿರ ಏರುತ್ತದೆ. ಮೂರನೆಯ ವರ್ಷಕ್ಕೆ 21,000, ಖರ್ಚೂ ಸ್ವಲ್ಪ ಏರಿ ತಿಂಗಳಿಗೆ 10,200 ಉಳಿದರೆ ಬೋನಸ್ ಸೇರಿ ವರ್ಷಕ್ಕೆ 1,43,400. ಹತ್ತು ವರ್ಷದಿಂದ ಅಲ್ಲಿರುವ ಹಿರಿಯ ಗುಮಾಸ್ತರ ಸಂಬಳ ಎಷ್ಟೆಂದು ಅಳಿಯನಿಗೇ ಗೊತ್ತು: 28,000. ಊರಿನ ಕೆಲಸದ ಛಾವಣಿ ಎಲ್ಲಿದೆ ಎಂದು ತಿಳಿಯಲು ಇದಕ್ಕಿಂತ ನೇರವಾದ ದಾರಿ ಇಲ್ಲ. ನಿಮ್ಮ ಪಕ್ಕದ ಕುರ್ಚಿಯಲ್ಲಿ ಹತ್ತು ವರ್ಷ ಕೂತವರನ್ನು ನೋಡಿ.

ಬೆಂಗಳೂರಿನಲ್ಲಿ ಎರಡು ದಾರಿ ಕವಲೊಡೆಯುತ್ತವೆ. ಅದೇ ಕಂಪನಿಯಲ್ಲಿ ವರ್ಷಕ್ಕೆ ಶೇ. 8 ಏರಿಕೆಯಲ್ಲಿ ಕೂತರೆ ಮೂರನೆಯ ವರ್ಷ ಕೈಗೆ ಬರುವುದು ಸುಮಾರು 38,800. ಬಾಡಿಗೆಯೂ ಊಟವೂ ಏರಿ ಖರ್ಚು 33,000 ಆಗಿರುತ್ತದೆ. 5,800ರಂತೆ ವರ್ಷಕ್ಕೆ 69,600, ಭವಿಷ್ಯ ನಿಧಿ 75,600. ಒಟ್ಟು 1,45,200. ಊರಿನ 1,43,400ಕ್ಕೂ ಇದಕ್ಕೂ ಇರುವ ಅಂತರ 1,800 ರೂಪಾಯಿ! ಮೂರು ವರ್ಷ ಮನೆ ಬಿಟ್ಟು, ನೀರುಸಾರು ಕುಡಿದು, ಮೆಟ್ರೋದಲ್ಲಿ ನಿಂತು ಹೋಗಿ ಗಳಿಸಿದ್ದು ಅಷ್ಟು.

ಇನ್ನೊಂದು ದಾರಿ, ಎರಡು ವರ್ಷದ ಅನುಭವ ಹಿಡಿದು ಬೇರೆ ಕಂಪನಿಗೆ ಹೋಗುವುದು. ಅಲ್ಲಿ 7,50,000ದ ಪತ್ರ ಸಿಕ್ಕಿತೆನ್ನಿ. ಮೇಲಿನ ಕ್ರಮದಲ್ಲೇ ಕಳೆದರೆ ಕೈಗೆ 46,500. ಅದೇ ಖರ್ಚು ಹಿಡಿದರೆ 13,500ರಂತೆ ವರ್ಷಕ್ಕೆ 1,62,000, ಭವಿಷ್ಯ ನಿಧಿ 90,000. ಒಟ್ಟು 2,52,000. ಊರಿಗಿಂತ ಲಕ್ಷಕ್ಕೂ ಹೆಚ್ಚು. ಮೊದಲೆರಡು ವರ್ಷ ಹಿಂದೆ ಬಿದ್ದದ್ದು ಆರು ತಿಂಗಳಲ್ಲಿ ತುಂಬಿಬರುತ್ತದೆ, ಅಲ್ಲಿಂದ ಮುಂದೆ ಮಂಡಿಯ ಸಂಬಳ ಎಂದೂ ಅದನ್ನು ಹಿಡಿಯಲಾರದು.

ಅಂದರೆ ನಗರದ ಲಾಭ ಇರುವುದು ಎರಡನೆಯ ಕೆಲಸದಲ್ಲಿ, ಮೊದಲನೆಯದರಲ್ಲಿ ಅಲ್ಲ. ಮೊದಲನೆಯದು ಅದಕ್ಕೆ ಏಣಿಯಾಗುತ್ತದೆಯೇ ಎಂದು ನೋಡಬೇಕು. ಅಳಿಯನಿಗೆ ಕಂಪನಿ ಕೊಡಲಿದ್ದ ಕೆಲಸ ಸರಬರಾಜುದಾರರ ಬಿಲ್ಲುಗಳನ್ನು ಪರದೆಯ ಮೇಲೆ ತಾಳೆ ನೋಡಿ ಮುಂದಕ್ಕೆ ಕಳಿಸುವುದು. ಮಂಡಿಯಲ್ಲಿ ಅವನು ಖರೀದಿ, ಮಾರಾಟ, ಇ-ವೇ ಬಿಲ್, ಜಿ.ಎಸ್.ಟಿ. ರಿಟರ್ನ್, ಬ್ಯಾಂಕ್ ತಾಳೆ, ವರ್ಷದ ಕೊನೆಯ ಲೆಕ್ಕಪರಿಶೋಧನೆ ಎಲ್ಲವನ್ನೂ ಮುಟ್ಟುತ್ತಿದ್ದ. ಸಂಬಳ ಹೆಚ್ಚು, ಕಲಿಕೆ ಕಡಿಮೆ ಎಂಬ ವಿಚಿತ್ರ ಇಲ್ಲಿದೆ. ಎರಡು ವರ್ಷ ಬಿಲ್ಲು ತಾಳೆ ನೋಡಿದವನಿಗೆ 7,50,000 ಯಾರೂ ಕೊಡುವುದಿಲ್ಲ.

ಹಾಗಾಗಿ ಮೂರು ಪ್ರಶ್ನೆಗಳನ್ನು ಕೇಳಲು ಹೇಳಿ ಕಳಿಸಿದೆ. ಎರಡು ವರ್ಷದ ಹಿಂದೆ ಇದೇ ಕುರ್ಚಿಗೆ ಬಂದವರು ಈಗ ಯಾವ ಕೆಲಸದಲ್ಲಿದ್ದಾರೆ? ಬಿಲ್ಲಿನಿಂದ ತಿಂಗಳ ಲೆಕ್ಕ ಮುಗಿಸುವ ಅಥವಾ ತೆರಿಗೆಯ ವಿಭಾಗಕ್ಕೆ ಹೋಗಲು ದಾರಿಯಿದೆಯೇ? ಕೆಲಸ ಬಿಡುವಾಗ ಎಷ್ಟು ದಿನದ ಮುನ್ಸೂಚನೆ ಕೊಡಬೇಕು? ಈ ಕೊನೆಯದನ್ನು ಹಗುರವಾಗಿ ನೋಡಬೇಡಿ. ತೊಂಬತ್ತು ದಿನ ಎಂದಿದ್ದರೆ, ಒಂದು ತಿಂಗಳಲ್ಲಿ ಬಾ ಎನ್ನುವ ಎರಡನೆಯ ಕಂಪನಿ ನಿಮಗಾಗಿ ಕಾಯುವುದಿಲ್ಲ. ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ, ಎರಡು ವರ್ಷದ ಬಾಂಡ್ ಬರೆದುಕೊಡಿ ಎಂದರೆ ಅಲ್ಲಿಗೇ ಕೈಮುಗಿದು ಬನ್ನಿ.

ಹುಬ್ಬಳ್ಳಿಯ ಮಾತನ್ನೂ ಒಂದು ಸಾಲು ಹೇಳಿಬಿಡುತ್ತೇನೆ. ಕೊನೆಗೌಡ ರಾತ್ರಿ ಫೋನು ಮಾಡಿದರೆ ಬೆಳಗಿನ ಬಸ್ಸಿಗೆ ಊರು ಮುಟ್ಟಬಹುದಾದ ದೂರ, ಬಾಡಿಗೆಯೂ ಬೆಂಗಳೂರಿನ ಅರ್ಧ. ಆದರೆ ಅಳಿಯನ ಕೆಲಸಕ್ಕೆ ಅಲ್ಲಿ ಸಿಗುವ ಸಂಬಳ ಶಿರಸಿಗಿಂತ ಮೂರ್ನಾಲ್ಕು ಸಾವಿರ ಹೆಚ್ಚು, ಅದನ್ನು ಬಾಡಿಗೆಯೇ ನುಂಗುತ್ತದೆ. ಮನೆಯಿಂದಲೇ ಕೆಲಸ ಎಂಬುದು ಅವನ ಪತ್ರದಲ್ಲಿರಲಿಲ್ಲ. ಇದ್ದಿದ್ದರೂ ಜುಲೈ ತಿಂಗಳಲ್ಲಿ ನಮ್ಮೂರಿನ ಕರೆಂಟು ನಂಬಿ ಒಪ್ಪಿಕೋ ಎನ್ನುವ ಧೈರ್ಯ ನನಗಿಲ್ಲ.

ಅವನು ಪ್ರಶ್ನೆ ಕೇಳಿದ. ಎರಡು ವರ್ಷದ ಹಿಂದೆ ಸೇರಿದ ನಾಲ್ವರಲ್ಲಿ ಇಬ್ಬರು ತಿಂಗಳ ಲೆಕ್ಕ ಮುಗಿಸುವ ವಿಭಾಗದಲ್ಲಿದ್ದಾರೆ, ಒಬ್ಬಳು ಬೇರೆ ಕಂಪನಿಗೆ ಹೋಗಿದ್ದಾಳೆ, ಒಬ್ಬ ಇನ್ನೂ ಬಿಲ್ಲು ನೋಡುತ್ತಿದ್ದಾನೆ. ಮುನ್ಸೂಚನೆ ಅರವತ್ತು ದಿನ. ಬಾಂಡ್ ಇಲ್ಲ. ಅವನ ಖಾತೆಯಲ್ಲಿ ಎರಡು ವರ್ಷದ ಮಂಡಿಯ ಉಳಿತಾಯ 1,60,000 ಇತ್ತು, ನನ್ನ ಗೆರೆಯನ್ನು ದಾಟಿತ್ತು.

ಜೂನ್ ಒಂದಕ್ಕೆ ಸೇರಬೇಕೆಂದು ಪತ್ರದಲ್ಲಿತ್ತು. ಮೂರು ವಾರ ಕೇಳಿದ, ಎರಡು ವಾರ ಕೊಟ್ಟರು. ಅಷ್ಟರಲ್ಲಿ ಮೊದಲ ಔಷಧಿ ಆಯಿತು. ದ್ರಾವಣ ಕದಡುವಾಗ ಕೊನೆಗೌಡನ ತಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಚೂರಿ ಅದ್ದಿ ನೋಡುವುದನ್ನು ಕಲಿಸಿದ. ಹದಿನಾಲ್ಕನೇ ತಾರೀಕು ರಾತ್ರಿ ಬಸ್ಸು ಹತ್ತಿದ, ಈಗ ದಾಸರಹಳ್ಳಿಯ ಪಿ.ಜಿ.ಯಲ್ಲಿದ್ದಾನೆ. ಎರಡನೆಯ ಔಷಧಿಗೆ ನಲವತ್ತು ದಿನ ತುಂಬುತ್ತ ಬಂತು. ನಿನ್ನೆ ಅಕ್ಕ ಕೊನೆಗೌಡನಿಗೆ ಫೋನು ಮಾಡಿದ್ದಳಂತೆ. ಹೊಳವು ನೋಡಿ ಹೇಳುತ್ತೇನೆ ಎಂದಿದ್ದಾನೆ.